ಪದಚರ್ಚೆ: ಬಿಲ್ಲಿನಲ್ಲಿ ಹಣ ಮುರಿದುಕೊಂಡರೆ ಪತ್ರದಲ್ಲಿ ಏನೆಂದು ಬರೆಯಬೇಕು?

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮ ಯಜಮಾನರು ಯಾವ ಪತ್ರವನ್ನಾದರೂ ಮೊದಲು ಕನ್ನಡದಲ್ಲಿ ಓದಿ, ಒಪ್ಪಿಗೆಯಾದ ಮೇಲೇ ಇಂಗ್ಲಿಷಿಗೆ ಬಿಡುತ್ತಾರೆ. ಈಗ ಒಂದು ದೊಡ್ಡ ಕಂಪನಿಗೆ ಬರೆಯಬೇಕಾಗಿದೆ. ಶಾರ್ಟ್ ಪೇಮೆಂಟ್‌ಗೆ ಕನ್ನಡದಲ್ಲಿ ಏನನ್ನಬೇಕು? 'ಬಾಕಿ' ಅಂದರೆ ಸಾಕಾಗುತ್ತಾ?

ವಿಷಯ ಇಷ್ಟು. 2,000 ಬುಷ್‌ಗಳಿಗೆ ಪರ್ಚೇಸ್ ಆರ್ಡರ್, ಅಂದರೆ ಪಿಒ ಬಂದಿತ್ತು, ಒಂದಕ್ಕೆ 180 ರೂಪಾಯಿ. ಜಿಎಸ್‌ಟಿ ಸೇರಿ 4,24,800. ಮೊದಲ 1,200 ಪೀಸ್ ಹೇಳಿದ ದಿನಕ್ಕೆ ಹೋಯಿತು. ಉಳಿದ 800 ಜೂನ್ 9ಕ್ಕೆ ಹೋಗಬೇಕಿತ್ತು, ಜೂನ್ 18ಕ್ಕೆ ಹೋಯಿತು. ಎರಡೂ ಬಿಲ್ ಸೇರಿಸಿ ಆಗಸ್ಟ್ 1ಕ್ಕೆ 4,08,456 ಬ್ಯಾಂಕಿಗೆ ಬಿತ್ತು. 16,344 ಕಡಿಮೆ. ಏನು, ಎತ್ತ ಎಂಬ ವಿವರ ಬರಲಿಲ್ಲ. ನಾವೇ ಕೇಳಿ ಪೇಮೆಂಟ್ ಅಡ್ವೈಸ್ ತರಿಸಿಕೊಂಡೆವು. ಎರಡನೇ ಲಾಟ್‌ನಲ್ಲಿ 60 ಪೀಸ್ ರಿಜೆಕ್ಟ್ ಎಂದು 12,744, ತಡವಾಯಿತು ಎಂದು 3,600.

*

ಮೈಸೂರಿನಿಂದ, ಅನುವಾದ ಮಾಡುವವರು:

ಇದಕ್ಕೆ 'ಭಾಗಶಃ ಪಾವತಿ' ಎಂಬ ಪದ ಆಗಲೇ ಇದೆ. ಕಂತಿನಲ್ಲಿ ಕೊಡುವಾಗ ಬ್ಯಾಂಕಿನವರೂ ಅದನ್ನೇ ಬಳಸುತ್ತಾರೆ. ಉಳಿದದ್ದು ಮುಂದಿನ ಕಂತಿನಲ್ಲಿ ಬರುತ್ತದೆ ಅಲ್ವಾ?

*

ಹುಬ್ಬಳ್ಳಿಯಿಂದ, ಹಾರ್ಡ್‌ವೇರ್ ಅಂಗಡಿಯವರು:

ಬರೋದಿಲ್ಲ ಸರ್, ಅದೇ ತೊಂದರೆ. ನಮ್ಮ ಕಡೆ ಇದಕ್ಕೆ 'ಮುರಕೊಂಡು ಕೊಟ್ಟಾರ' ಅಂತಾರೆ. ಬಾಕಿ ಅಂದರೆ ಇನ್ನೂ ಕೊಡಬೇಕಾದ್ದು, ಇಬ್ಬರೂ ಒಪ್ಪಿದ್ದು. ಮುರಕೊಂಡದ್ದು ಹಾಗಲ್ಲ. ಅವರ ಪುಸ್ತಕದಾಗ ನಿಮ್ಮ ಲೆಕ್ಕ ಮುಗಿದೇ ಹೋಗಿರುತ್ತದೆ. ನನಗೂ ಒಬ್ಬ ಕಾಂಟ್ರಾಕ್ಟರ್ ಉದ್ರಿ ಒಯ್ದು ಹೀಂಗ ಮಾಡ್ಯಾನ. ಸಣ್ಣ ಉದ್ದಿಮೆಗೆ 45 ದಿನದ ಕಾಯ್ದೆ ಐತಿ ಅಂತ ಕೇಳೀನಿ. ಅದು ನನಗೂ ಹತ್ತತೈತೇನು?

*

ಬೆಂಗಳೂರಿನಿಂದ, ಟ್ಯಾಕ್ಸ್ ಕೆಲಸ ಮಾಡುವವರು:

45 ದಿನ ಅಂದರೆ ಬಿಲ್ ತಾರೀಖಿನಿಂದ 45 ದಿನ. ಪಿಒ ಏನೇ ಹೇಳಲಿ, ಕಾನೂನೇ ಮೇಲು. ಮೇಡಂ, ಪದದ ಚಿಂತೆ ಬಿಡಿ. ಕಾಯ್ದೆಯ ಹೆಸರು ಹಾಕಿ ಬಡ್ಡಿ ಸಮೇತ ಕೇಳಿ.

*

ತುಮಕೂರಿನಿಂದ, ಪರ್ಚೇಸ್ ವಿಭಾಗದಲ್ಲಿದ್ದು ನಿವೃತ್ತರಾದವರು:

ನಾನು ಬಹಳ ವರ್ಷ ಮೇಜಿನ ಆ ಕಡೆ ಕೂತವನು. ಪದದ ಚಿಂತೆ ಬಿಡಬೇಡಿ ತಾಯಿ, ಕೆಲಸ ಕೆಡುವುದು ಅಲ್ಲೇ.

ಮೊದಲು 45ರ ಮಾತು. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ಅನ್ನುವುದು ಹೆಚ್ಚೆಂದರೆ ಎಂಬ ಮಿತಿ. ಬರಹದಲ್ಲಿ 30 ದಿನ ಎಂದು ಒಪ್ಪಿದ್ದರೆ 30 ದಿನವೇ. ಏನೂ ಬರೆದುಕೊಂಡಿಲ್ಲದಿದ್ದರೆ 15. ಎಣಿಕೆ ಬಿಲ್ ತಾರೀಖಿನಿಂದಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ಮಾಲು ಮುಟ್ಟಿ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ, ಮುಟ್ಟಿದ ದಿನವೇ ಒಪ್ಪಿದ ದಿನ. ಹುಬ್ಬಳ್ಳಿಯವರೇ, ಬೇಸರ ಮಾಡಿಕೊಳ್ಳಬೇಡಿ, ತಯಾರಿಸದೆ ಬರೀ ಕೊಂಡು ಮಾರುವವರಿಗೆ ತಡ ಪಾವತಿಯ ಈ ರಕ್ಷಣೆ ಸಿಗುವುದಿಲ್ಲ. ಉದ್ಯಮ್ ನೋಂದಣಿ ಇದ್ದರೂ ಅಷ್ಟೇ.

ಮೇಡಂ, ನಿಮ್ಮ ಪಿಒದಲ್ಲಿ ಮೂರು ಸಾಲು ನೋಡಿ ಹೇಳಿ. ಹಣ ಕೊಡುವ ದಿನಗಳನ್ನು ಎಲ್ಲಿಂದ ಎಣಿಸುತ್ತಾರೆ? ರಿಜೆಕ್ಷನ್ ಎಷ್ಟು ದಿನದೊಳಗೆ ತಿಳಿಸಬೇಕು? ತಡದ ಕಡಿತ ಯಾವ ಮೊತ್ತದ ಮೇಲೆ? ಸಾಮಾನ್ಯವಾಗಿ ಇವು ಹಿಂಬದಿಯ ಸಣ್ಣ ಅಕ್ಷರದಲ್ಲಿರುತ್ತವೆ.

*

ಪೀಣ್ಯದಿಂದ:

ನೋಡಿದೆ ಸರ್. ಅವರ ಸ್ಟೋರ್ಸ್‌ಗೆ ಮಾಲು ಮುಟ್ಟಿದ ದಿನದಿಂದ 30 ದಿನ. ರಿಜೆಕ್ಷನ್ ಮಾಲು ಮುಟ್ಟಿದ 10 ದಿನದೊಳಗೆ ಬರಹದಲ್ಲಿ. ತಡವಾದರೆ, ತಡವಾದ ಮಾಲಿನ ಬೆಲೆಯ ಮೇಲೆ ವಾರಕ್ಕೆ ಅರ್ಧ ಪರ್ಸೆಂಟ್, ಮುರುಕು ವಾರವೂ ಪೂರ್ತಿ ವಾರ. ಚಲನ್ ಮೇಲೆ ಜೂನ್ 18ರ ಗೇಟ್ ಸೀಲ್ ಇದೆ. ಆದರೆ ಮಾಲು ಬಂತೆಂದು ಅವರು ಜಿಆರ್‌ಎನ್ ರಸೀದಿ ಮಾಡಿದ್ದು ಜುಲೈ 2ಕ್ಕೆ, ಅಲ್ಲಿಂದ 30 ಎಣಿಸಿದ್ದಾರೆ. ರಿಜೆಕ್ಷನ್ ಮೇಲ್ ಬಂದದ್ದು ಜುಲೈ 27ಕ್ಕೆ.

*

ತುಮಕೂರಿನಿಂದ:

ಹಾಗಿದ್ದರೆ ನಿಮ್ಮ ಪತ್ರಕ್ಕೆ ಒಂದಲ್ಲ, ಮೂರು ಮಾತು ಬೇಕು.

ಒಂದು, ತಡದ ಬಾಬ್ತು. ಇಲ್ಲಿ 'ಹೆಚ್ಚಿಗೆ ಮುರಿದುಕೊಂಡಿದ್ದೀರಿ' ಎಂದು ಬರೆಯಿರಿ. ತಡವಾದದ್ದು 800 ಪೀಸ್, ಅಂದರೆ 1,44,000ದ ಮಾಲು. ಒಂಬತ್ತು ದಿನ ಎಂದರೆ ಎರಡು ವಾರ, ಒಂದು ಪರ್ಸೆಂಟ್, 1,440 ರೂಪಾಯಿ. ಅವರ ಸಿಸ್ಟಮ್ ಇಡೀ ಆರ್ಡರಿನ 3,60,000ದ ಮೇಲೆ ಲೆಕ್ಕ ಹಾಕಿ 3,600 ತೆಗೆದಿದೆ. 1,440 ನೀವು ಹೊರಬೇಕಾದದ್ದು, ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಡಿ. ಒಪ್ಪಬೇಕಾದ್ದನ್ನು ಒಪ್ಪಿ ಬಂದ ಪತ್ರವನ್ನು ನಾವು ಬೇಗ ಮುಂದೆ ಕಳಿಸುತ್ತಿದ್ದೆವು. ಎಲ್ಲದಕ್ಕೂ ಜಗಳ ತೆಗೆದ ಪತ್ರ ಫೈಲಿನಲ್ಲೇ ಕೂರುತ್ತಿತ್ತು.

ಎರಡು, ರಿಜೆಕ್ಷನ್. ಇಲ್ಲಿ 'ಮುರಿದುಕೊಂಡಿದ್ದೀರಿ' ಎಂದು ಬರೆದರೆ ಲೆಕ್ಕ ಮುಗಿದಂತೆ ನೀವೇ ಹೇಳಿದ ಹಾಗಾಗುತ್ತದೆ. 'ಹಿಡಿದುಕೊಂಡಿದ್ದೀರಿ' ಎನ್ನಿ. 10 ದಿನದ ಷರತ್ತು ಇದ್ದಲ್ಲಿ 39 ದಿನಕ್ಕೆ ತಿಳಿಸಿದ್ದಾರೆ, ಅದನ್ನು ಬರೆಯಿರಿ. ಅದಕ್ಕಿಂತ ಗಟ್ಟಿಯಾದ ಪ್ರಶ್ನೆ ಇನ್ನೊಂದಿದೆ: ಆ 60 ಪೀಸ್ ಎಲ್ಲಿ? ಇನ್‌ಸ್ಪೆಕ್ಷನ್ ರಿಪೋರ್ಟ್ ಕೊಡಿ, ಮಾಲನ್ನು ರಿಜೆಕ್ಷನ್ ಚಲನ್ ಮಾಡಿ ವಾಪಸ್ ಕಳಿಸಿ ಎಂದು ಕೇಳಿ. ಎಷ್ಟೋ ಸಲ ಪೀಸ್‌ಗಳು ಆಗಲೇ ಅಸೆಂಬ್ಲಿಗೆ ಹೋಗಿರುತ್ತವೆ, ಆಗ ಆ ಕಡಿತಕ್ಕೆ ಆಧಾರವೇ ಇರುವುದಿಲ್ಲ. ವಾಪಸ್ ಬಂದು, ಅಳತೆ ನಿಜವಾಗಿಯೂ ತಪ್ಪಿದ್ದರೆ, ಬದಲಿ ಕೊಡುವುದೇ ಮರ್ಯಾದೆ. ಅಲ್ಲಿಯವರೆಗೆ ಕ್ರೆಡಿಟ್ ನೋಟ್ ಮಾಡಬೇಡಿ. 12,744ರಲ್ಲಿ 1,944 ಜಿಎಸ್‌ಟಿ ಇದೆ, ಅದನ್ನು ನೀವು ಕಟ್ಟಿದ್ದೀರಿ. ನೀವು ಕ್ರೆಡಿಟ್ ನೋಟ್ ಕೊಟ್ಟ ದಿನ ರಿಜೆಕ್ಷನ್ ಒಪ್ಪಿದ ಹಾಗೆ.

ಮೂರು, ದಿನ. 'ಮಾಲು ಮುಟ್ಟಿದ ದಿನ' ಎಂಬ ಮಾತನ್ನೇ ಉಳಿಸಿಕೊಳ್ಳಿ, 'ಜಿಆರ್‌ಎನ್ ದಿನ' ಎಂದು ನಿಮ್ಮ ಕಡೆಯಿಂದ ಒಮ್ಮೆಯೂ ಬರೆಯಬೇಡಿ. ಪಿಒ ಪ್ರಕಾರ ವಾಯಿದೆ ಜುಲೈ 18ಕ್ಕೆ ಮುಗಿದಿತ್ತು. ಚಲನ್ ಪ್ರತಿ ಲಗತ್ತಿಸಿ.

ಪತ್ರವನ್ನು ಪಿಒಗೆ ಸಹಿ ಹಾಕಿದವರಿಗೆ ಕಳಿಸಿ, ಅಕೌಂಟ್ಸ್‌ಗೆ ಪ್ರತಿ ಸಾಕು. ಅಕೌಂಟ್ಸ್‌ನವರು ಸಿಸ್ಟಮ್‌ನಲ್ಲಿ ಇದ್ದದ್ದನ್ನು ಮಾತ್ರ ನೋಡುತ್ತಾರೆ, ಅದನ್ನು ತಿದ್ದಿಸುವ ಅಧಿಕಾರ ಪರ್ಚೇಸ್‌ನವರದು. ಇನ್ನೊಂದು ಎಚ್ಚರ: ವರ್ಷದ ಕೊನೆಗೆ ಬ್ಯಾಲೆನ್ಸ್ ಕನ್ಫರ್ಮೇಷನ್ ಪತ್ರ ಬರುತ್ತದೆ. ಅದರಲ್ಲಿ ಬಾಕಿ ಸೊನ್ನೆ ಎಂದಿದ್ದರೆ ಸುಮ್ನೆ ಸಹಿ ಮಾಡಿಬಿಡಬೇಡಿ.

*

ಬೆಂಗಳೂರಿನಿಂದ, ಟ್ಯಾಕ್ಸ್‌ನವರು:

ದಿನದ ಎಣಿಕೆ ಒಪ್ಪುತ್ತೇನೆ. ಬಡ್ಡಿ ಮಾತ್ರ ಬಿಡಬಾರದು. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ, ಕಾಯ್ದೆಯೇ ಕೊಟ್ಟ ಹಕ್ಕು. ಸರಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

*

ತುಮಕೂರಿನಿಂದ:

ಹಕ್ಕು ನಿಜ. ಮೊದಲ ಪತ್ರದಲ್ಲೇ ಬಡ್ಡಿ ಬರೆದರೆ ಅದು ಪರ್ಚೇಸ್‌ನಿಂದ ಲೀಗಲ್‌ಗೆ ಹೋಗುತ್ತದೆ. ಆಮೇಲೆ 14,904ಕ್ಕೆ ವರ್ಷ ಕಾಯಬೇಕಾಗಬಹುದು.

*

ಬೆಂಗಳೂರಿನಿಂದ, ಟ್ಯಾಕ್ಸ್‌ನವರು:

ಎಲ್ಲರೂ ಹಾಗೆ ಸುಮ್ಮನಿರುವುದಕ್ಕೇ ಅವರು ಮುರಿದುಕೊಳ್ಳುವುದು ಸರ್. ಇದನ್ನು ನಾನು ಒಪ್ಪಲ್ಲ.

*

ಪೀಣ್ಯದಿಂದ:

ಯಜಮಾನರು ಒಪ್ಪಿದ ಕರಡು ಇದು:

'ತಡದ ಬಾಬ್ತು 1,440 ರೂಪಾಯಿ ನಮಗೆ ಒಪ್ಪಿಗೆ. ಅದೇ ಬಾಬ್ತಿನಲ್ಲಿ ಹೆಚ್ಚಿಗೆ ಮುರಿದುಕೊಂಡ 2,160ನ್ನು ಕೊಡಬೇಕು. 60 ಪೀಸ್‌ಗಳ ಬಾಬ್ತು ಹಿಡಿದುಕೊಂಡಿರುವ 12,744ನ್ನು ಕೊಡಬೇಕು, ಇಲ್ಲವೇ ರಿಪೋರ್ಟಿನೊಂದಿಗೆ ಮಾಲನ್ನು ವಾಪಸ್ ಕಳಿಸಬೇಕು. ಮಾಲು ಮುಟ್ಟಿದ್ದು ಜೂನ್ 18, ವಾಯಿದೆ ಜುಲೈ 18.'

ಬಡ್ಡಿಯ ವಿಷಯ ಅವರು ಇನ್ನೂ ಯೋಚಿಸುತ್ತಿದ್ದಾರೆ.

*

ಮೈಸೂರಿನಿಂದ, ಅನುವಾದಕರು:

ಕಂತು ಎಂದುಕೊಂಡಿದ್ದೆ, ಈಗ ತಿಳಿಯಿತು. 'ಬಾಬ್ತು' ಚೆನ್ನಾಗಿ ಕೂತಿದೆ. 'ಹಿಡಿದುಕೊಂಡಿರುವ' ಇಂಗ್ಲಿಷಿಗೆ ಹೋಗುವಾಗ ಡಿಡಕ್ಟೆಡ್ ಆಗದಂತೆ ನೋಡಿಕೊಳ್ಳಿ, ವಿತ್‌ಹೆಲ್ಡ್ ಎಂದೇ ಇರಲಿ.