ಅಪ್‌ಡೇಟ್: ಚುಕ್ಕೆ ಪ್ರಶ್ನೆಯಲ್ಲಿ ಮಗಳು ಎಡವುತ್ತಿದ್ದ ಜಾಗ ಸಿಕ್ಕಿತು

ನನ್ನ ಪ್ರಶ್ನೆ ಹೀಗಿತ್ತು: "ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಗೆ ಓದುತ್ತಿರುವ ಮಗಳಿಗೆ ಚೌಕ, ತ್ರಿಕೋನ, ವೃತ್ತದ ಚುಕ್ಕೆ ಲೆಕ್ಕ ಯಾಕೆ ತಪ್ಪುತ್ತಿದೆ?"

ಈ ಲೆಕ್ಕದಲ್ಲಿ ಒಂದರ ಮೇಲೊಂದು ಬಿದ್ದ ಆಕಾರಗಳ ಚಿತ್ರದಲ್ಲಿ ಒಂದು ಚುಕ್ಕೆ ಇಟ್ಟಿರುತ್ತಾರೆ, ಅಂಥದ್ದೇ ಜಾಗದಲ್ಲಿ ಚುಕ್ಕೆ ಇಡಬಹುದಾದ ಚಿತ್ರವನ್ನು ಆಯ್ಕೆಗಳಲ್ಲಿ ಹುಡುಕಬೇಕು. ಭಾನುವಾರ ಶಿರಾದ ಮನೆಯಲ್ಲಿ ಪಕ್ಕದಲ್ಲೇ ಕೂತು ನೋಡಿದೆ. ಅವಳು ಚುಕ್ಕೆ ಬಲಕ್ಕಿದೆಯಾ, ಮೇಲಿದೆಯಾ ಅಂತ ನೋಡುತ್ತಿದ್ದಳು. ಅದಕ್ಕೂ ಉತ್ತರಕ್ಕೂ ಸಂಬಂಧವೇ ಇಲ್ಲ. ಚುಕ್ಕೆ ಯಾವುದರ ಒಳಗಿದೆ, ಯಾವುದರ ಹೊರಗಿದೆ, ಅಷ್ಟೇ ಮುಖ್ಯ.

ಒಂದು ಪ್ರಶ್ನೆಯಲ್ಲಿ ಚುಕ್ಕೆ ತ್ರಿಕೋನ, ವೃತ್ತ ಎರಡರ ಒಳಗಿತ್ತು, ಚೌಕದ ಹೊರಗಿತ್ತು. ಅವಳು ಆರಿಸಿದ ಚಿತ್ರದಲ್ಲಿ ತ್ರಿಕೋನ, ವೃತ್ತ ಚೆನ್ನಾಗಿಯೇ ಸೇರಿದ್ದವು. ಆದರೆ ಅವು ಸೇರಿದ ಜಾಗ ಪೂರ್ತಿ ಚೌಕದೊಳಗೇ ಇತ್ತು. 'ಹೊರಗೆ' ಅನ್ನೋದನ್ನು ಮರೆತಿದ್ದಳು. ಸರಿ ಉತ್ತರದಲ್ಲಿ ಆ ಜಾಗ ಒಂದು ಸಣ್ಣ ಚೂರು ಮಾತ್ರ, ಕಣ್ಣಿಗೆ ಬೀಳೋದೇ ಕಷ್ಟ.

ಈಗ ಮೊದಲು "ಚೌಕ ಇಲ್ಲ, ತ್ರಿಕೋನ ಇದೆ, ವೃತ್ತ ಇದೆ" ಅಂತ ಬರೆದುಕೊಳ್ಳುತ್ತಾಳೆ. ಆಮೇಲೆ ಪ್ರತಿ ಆಯ್ಕೆಯಲ್ಲೂ ತ್ರಿಕೋನ, ವೃತ್ತ ಸೇರಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಅದರಲ್ಲಿ ಚೌಕದಿಂದ ಹೊರಗೆ ಏನಾದರೂ ಉಳಿದಿದೆಯಾ ನೋಡುತ್ತಾಳೆ. ನಿನ್ನೆ ಹತ್ತರಲ್ಲಿ ಒಂಬತ್ತು ಸರಿ ಬಂತು. ತಪ್ಪಿದ್ದು ಎರಡು ಚುಕ್ಕೆ ಇದ್ದದ್ದು. ಅಲ್ಲಿ ಎರಡಕ್ಕೂ ಒಂದೇ ಚಿತ್ರದಲ್ಲಿ ಜಾಗ ಸಿಗಬೇಕು ಅಲ್ವಾ, ಅವಳು ಒಂದಕ್ಕೆ ಸಿಕ್ಕ ಕೂಡಲೇ ಟಿಕ್ ಹಾಕಿಬಿಟ್ಟಿದ್ದಳು.