ಸಹಾಯ ಬೇಕು: 3,000 ಗಂಟೆ ಯಕ್ಷಗಾನ ವಿಡಿಯೋ, ಲೆಕ್ಕ ತಪ್ಪುತ್ತಿದೆ

ನಮಸ್ಕಾರ ಎಲ್ಲರಿಗೂ. ಹಳೆಯ ಮಿನಿ ಡಿವಿ ಟೇಪುಗಳಿಂದ ಇಳಿಸಿದ ಸುಮಾರು 3,000 ಗಂಟೆ ಯಕ್ಷಗಾನ ನಮ್ಮ ಬಳಿ ಇದೆ. ಗಂಟೆಗೆ 13 ಜಿಬಿ, ಒಟ್ಟು 39 ಟಿಬಿ. ಯಾವ ವೇಷ ಯಾವ ಹೊತ್ತಿಗೆ ರಂಗಕ್ಕೆ ಬಂತು ಎಂದು ಮುಖ ಗುರುತಿಸಿ ಪಟ್ಟಿ ಮಾಡಬೇಕು.

ಸೆಕೆಂಡಿಗೆ 25 ಫ್ರೇಮ್ ನೋಡಿದರೆ 27 ಕೋಟಿ ಫ್ರೇಮ್ ಆಗುತ್ತದೆ. ಅದಕ್ಕೇ ಸೆಕೆಂಡಿಗೆ ಒಂದೇ ತೆಗೆದೆ:

```
ffmpeg -i tape.dv -vf "yadif,fps=1" f_%05d.jpg
```

ಒಂದು ಗಂಟೆಯ ವಿಡಿಯೋಗೆ ಎಲ್ಲಾ ಸೇರಿ 6 ನಿಮಿಷ ಹಿಡಿಯಿತು. ಹಾಗಾದರೆ ಒಟ್ಟು 300 ಗಂಟೆ, ಹನ್ನೆರಡೂವರೆ ದಿನ. ಆದರೆ `nvidia-smi` ನೋಡಿದರೆ ಜಿಪಿಯು ಶೇ. 15ರ ಆಸುಪಾಸಿನಲ್ಲೇ ತೂಕಡಿಸುತ್ತಿದೆ! ಡಿವಿ ಬಿಚ್ಚುವ ಕೆಲಸ ಪೂರ್ತಿ ಸಿಪಿಯು ಮೇಲೆ. ದೊಡ್ಡ ಜಿಪಿಯು ಬಾಡಿಗೆಗೆ ತಂದರೆ ದುಡ್ಡು ದಂಡ ಅಂತ ಆಗ ಹೊಳೆಯಿತು. ಕ್ಲೌಡಿಗೆ ಏರಿಸೋಣವೆಂದರೆ 100 ಎಂಬಿಪಿಎಸ್‌ನಲ್ಲಿ ಅದಕ್ಕೇ 36 ದಿನ ಬೇಕು.

ಇನ್ನೊಂದು ಎಡವಟ್ಟು. ನಾನು ಅಳೆದದ್ದು ಇಬ್ಬರೇ ಅರ್ಥ ಹೇಳುವ ಭಾಗ. ಒಡ್ಡೋಲಗದಲ್ಲಿ ಫ್ರೇಮಿಗೆ ಎಂಟು ಮುಖ, ಪ್ರತಿ ಮುಖಕ್ಕೂ ಬೇರೆ ಹೋಲಿಕೆ. ಅಲ್ಲಿ ಸಮಯ ಎಷ್ಟು ಏರುತ್ತದೋ!

ಅನುಭವ ಇದ್ದವರು ಹೇಳಿ: ಫ್ರೇಮುಗಳನ್ನು ಇಲ್ಲೇ ತೆಗೆದು, ಜೆಪೆಗ್ ಮಾತ್ರ ಕಳಿಸಿದರೆ ಸಾಕೇ? ನಂಬುವಂಥ ಅಂದಾಜಿಗೆ ಎಷ್ಟು ಟೇಪುಗಳಿಂದ, ರಾತ್ರಿಯ ಯಾವ ಯಾವ ಹೊತ್ತಿನ ತುಣುಕು ಆರಿಸಬೇಕು?