‘ಸಿಮ್ ಕಳವಾಗಿರುತ್ತದೆ’: ಬ್ಯಾಂಕಿಗೆ ಬರೆದ ಪತ್ರದಲ್ಲಿ ಒಂದು ಪದದ ಗೊಂದಲ

ಹೊಸನಗರ ತಾಲ್ಲೂಕಿನಿಂದ, ಪ್ರಶ್ನೆ

ಮಾನ್ಯರೇ,

ನಮ್ಮ ದೊಡ್ಡಪ್ಪನವರ ಮೊಬೈಲು ಪುನರ್ವಸು ಮಳೆಯ ದಿನಗಳಲ್ಲಿ ಅಡಿಕೆ ತೋಟದ ಬಸಿಗಾಲುವೆಗೆ ಬಿದ್ದು ಕೊಚ್ಚಿಕೊಂಡು ಹೋಯಿತು. ಅದರೊಳಗಿನ ಸಿಮ್ಮೂ ಜೊತೆಗೇ ಹೋಯಿತು. ಅವರು ಹೊಸ ಸಿಮ್ ಕೊಂಡು, ತಮ್ಮ ಖಾತೆಯಿರುವ ಬ್ಯಾಂಕಿಗೆ ಸ್ವಹಸ್ತದಿಂದ ಹೀಗೆ ಬರೆದರು: “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಹಳೆಯ ಸಿಮ್ ಕಳವಾಗಿರುತ್ತದೆ. ಆದ್ದರಿಂದ ನನ್ನ ಹೊಸ ಮೊಬೈಲ್ ಸಂಖ್ಯೆಯನ್ನು ಖಾತೆಗೆ ಸೇರಿಸಿಕೊಡಬೇಕಾಗಿ ವಿನಂತಿ.”

ಪತ್ರವನ್ನು ಓದಿದ ಗುಮಾಸ್ತರು ಪೊಲೀಸ್ ದೂರಿನ ಪ್ರತಿಯನ್ನು ಕೇಳಿದರು. ನೀರಿಗೆ ಬಿದ್ದದ್ದಕ್ಕೆ ಯಾರ ಮೇಲೆ ದೂರು ಕೊಡುವುದೆಂದು ದೊಡ್ಡಪ್ಪ ಬೇಸರದಿಂದ ಹಿಂತಿರುಗಿದರು. ‘ಕಳವಾಗು’ ಎಂಬುದನ್ನು ‘ಕಾಣೆಯಾಗು’ ಎಂಬ ಅರ್ಥದಲ್ಲಿ ಬಳಸುವುದು ತಪ್ಪೇ? ಎರಡನೆಯದಾಗಿ, ‘ಸೇರಿಸಿ’ ಎಂದದ್ದು ಸರಿಯೋ, ‘ಬದಲಾಯಿಸಿ’ ಎನ್ನಬೇಕಿತ್ತೋ? ‘ನೋಂದಾಯಿತ ಸಂಖ್ಯೆ’ ಎಂದು ಬರೆಯುವಾಗ ‘ನೋ’ ದೀರ್ಘವೋ ಹ್ರಸ್ವವೋ ಎಂಬುದನ್ನೂ ತಿಳಿಸಬೇಕೆಂದು ಕೋರುತ್ತೇನೆ.

ಶಿವಮೊಗ್ಗದಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ಗುಮಾಸ್ತರನ್ನು ದೂರಲಾರೆ. ಕಳವು ಎಂದರೆ ಕಳ್ಳತನ. ‘ಕಳವಾಗಿದೆ’ ಎಂದರೆ ಯಾರೋ ಕದ್ದಿದ್ದಾರೆ ಎಂದೇ ಓದುವವರು ತಿಳಿಯಬೇಕು. ಕಳೆದುಹೋಗುವುದರಲ್ಲಿ ಕರ್ತೃವೇ ಇಲ್ಲ. ಕಳೆದುಕೊಳ್ಳುವುದರಲ್ಲಿ ಕರ್ತೃ ನಾನೇ. ಮನೆಯ ಮಾತಿನಲ್ಲಿ ಈ ಮೂರೂ ಬೆರೆತುಹೋದರೂ ನಡೆಯುತ್ತದೆ. ಬ್ಯಾಂಕಿಗೆ ಮಾತ್ರ, ಹಳೆಯ ಸಿಮ್ ಈಗ ಇನ್ನೊಬ್ಬರ ಕೈಯಲ್ಲಿದೆಯೇ ಎಂಬುದು ಮುಖ್ಯ, ಏಕೆಂದರೆ ಒಟಿಪಿ ಬರುವುದು ಅದಕ್ಕೇ. ಕಳವು ಎಂದು ಬರೆದೊಡನೆ ಪ್ರಕರಣದ ತೂಕವೇ ಬೇರೆಯಾಗುತ್ತದೆ. ಆದ್ದರಿಂದ ‘ಕಳೆದುಹೋಗಿದೆ’ ಎಂದು ಬರೆದು, ಕಳೆದ ದಿನವನ್ನೂ, ದೂರವಾಣಿ ಕಂಪನಿಗೆ ತಿಳಿಸಿ ಸಿಮ್ಮನ್ನು ಸ್ಥಗಿತಗೊಳಿಸಿದ ದಿನವನ್ನೂ ನಮೂದಿಸಬೇಕು. ಸ್ಥಗಿತಗೊಳಿಸಿಲ್ಲವಾದರೆ ಪತ್ರಕ್ಕಿಂತ ಮೊದಲು ಆ ಕೆಲಸವಾಗಲಿ.

ಇನ್ನು ‘ಸೇರಿಸಿ’. ನನ್ನ ಅನುಭವದಲ್ಲಿ ‘ಕಳವು’ ತಂದದ್ದಕ್ಕಿಂತ ಹೆಚ್ಚಿನ ತೊಂದರೆಯನ್ನು ತರಬಲ್ಲ ಪದವೆಂದರೆ ಇದೇ. ಸೇರಿಸುವುದೆಂದರೆ ಇದ್ದದ್ದು ಇದ್ದಂತೆಯೇ ಇರುತ್ತದೆ, ಅದರ ಜೊತೆಗೆ ಇನ್ನೊಂದು ಬರುತ್ತದೆ. ಗ್ರಾಹಕರ ದಾಖಲೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಖ್ಯೆಗಳನ್ನು ಬರೆದಿಡಲು ಅವಕಾಶವಿರುವ ಕಡೆ, ಹೊಸದು ಎರಡನೆಯ ಸಂಖ್ಯೆಯಾಗಿ ಕುಳಿತು, ಒಟಿಪಿ ಹಳೆಯದಕ್ಕೇ ಹೋಗುತ್ತಿರಬಹುದು. ‘ಬದಲಾಯಿಸಿ’ ಎಂಬುದೂ ಪೂರ್ತಿ ಸಾಲದು, ಏಕೆಂದರೆ ಯಾವುದನ್ನು ತೆಗೆದು ಯಾವುದನ್ನು ಇಡಬೇಕೆಂದು ಅದು ಹೇಳುವುದಿಲ್ಲ. ‘ಈ ಸಂಖ್ಯೆಯನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ ಈ ಸಂಖ್ಯೆಯನ್ನು ದಾಖಲಿಸಿ’ ಎಂದು ಎರಡು ಕ್ರಿಯಾಪದಗಳಲ್ಲಿ ಬರೆಯುವುದು ಲೇಸು.

ಸಾಗರದಿಂದ

ನನಗೂ ಹೀಗೆಯೇ ಆಗಿತ್ತು. ಆದರೆ ನಾನು ಸಂಖ್ಯೆಯನ್ನು ಬದಲಾಯಿಸಲೇ ಇಲ್ಲ. ಗುರುತಿನ ಚೀಟಿಯೊಂದಿಗೆ ಅಂಗಡಿಗೆ ಹೋದಾಗ ಅದೇ ಸಂಖ್ಯೆಯ ಇನ್ನೊಂದು ಸಿಮ್ಮನ್ನು ಕೊಟ್ಟರು. ಬ್ಯಾಂಕಿಗೆ ತಿಳಿಸೋಣವೆಂದು “ನಾನು ನಕಲಿ ಸಿಮ್ ಪಡೆದಿರುತ್ತೇನೆ” ಎಂದು ಬರೆದುಕೊಟ್ಟೆ. ವ್ಯವಸ್ಥಾಪಕರು ಓದಿ ನಕ್ಕು, ‘ನಕಲಿ’ಯನ್ನು ಹೊಡೆದುಹಾಕಿ ‘ಬದಲಿ’ ಎಂದು ತಿದ್ದಿ, ಇಂಥ ಪತ್ರವೇ ಬೇಕಿಲ್ಲವೆಂದು ಹಿಂತಿರುಗಿಸಿದರು. ನಿಮ್ಮ ದೊಡ್ಡಪ್ಪನವರು ಹೊಸ ಸಂಖ್ಯೆಗೆ ಏಕೆ ಹೋದರು?

ತೀರ್ಥಹಳ್ಳಿಯಿಂದ, ಕನ್ನಡ ಉಪನ್ಯಾಸಕಿ

‘ನೋಂದಾಯಿತ’ ಎಂಬುದೇ ಅಶುದ್ಧ ರೂಪ. ಕನ್ನಡದ ‘ನೊಂದು’ ಎಂಬ ಧಾತುವಿಗೆ ಸಂಸ್ಕೃತದ ‘ಇತ’ ಪ್ರತ್ಯಯವನ್ನು ಹಚ್ಚಿದ್ದಾರೆ. ಹಾಗಾಗಿ ಹ್ರಸ್ವವೇ ಸರಿ. ಪದವನ್ನೇ ಬಿಟ್ಟು ‘ದಾಖಲಾದ ಸಂಖ್ಯೆ’ ಎನ್ನುವುದು ಇನ್ನೂ ಸರಿ.

ಶಿವಮೊಗ್ಗದಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ಉಪನ್ಯಾಸಕಿಯವರು ಪ್ರತ್ಯಯದ ಬಗ್ಗೆ ಹೇಳಿದ್ದು ಸರಿ, ಮೂಲದ ಬಗ್ಗೆ ಹೇಳಿದ್ದು ಸರಿಯಲ್ಲ. ‘ನೊಂದು’ ಎಂದರೆ ನೋವುಂಡು ಎಂದರ್ಥ. ದಾಖಲಿಸುವ ‘ನೋಂದು’ ಮರಾಠಿಯ ‘ನೋಂದ’, ‘ನೋಂದಣೀ’ಗಳ ಬಳಗದ್ದು, ಆದ್ದರಿಂದ ದೀರ್ಘವನ್ನೇ ಉಳಿಸಿಕೊಳ್ಳುವುದು ಲೇಸು. ಹ್ರಸ್ವವಾಗಿ ಬರೆದ ನಾಮಫಲಕಗಳೂ ಕಣ್ಣಿಗೆ ಬೀಳುತ್ತವೆ. ನೊಂದವರ ಕಚೇರಿ ಎಂದು ಓದಿಕೊಂಡರೂ ಕೆಲವೊಮ್ಮೆ ಅರ್ಥ ಕೆಡುವುದಿಲ್ಲ. ‘ದಾಖಲಾದ’ ಎಂಬುದು ನನಗೂ ಒಪ್ಪಿಗೆ. ಆದರೆ ಬ್ಯಾಂಕಿನ ಕನ್ನಡ ನಮೂನೆಯಲ್ಲಿ ‘ನೋಂದಾಯಿತ’ ಎಂದಿದ್ದರೆ ಪತ್ರದಲ್ಲೂ ಅದೇ ಇರಲಿ.

ಸಾಗರದವರು ಕೇಳಿದ್ದೇ ಮೊದಲ ಪ್ರಶ್ನೆಯಾಗಬೇಕಿತ್ತು. ನಕಲು ಬೇರೆ, ನಕಲಿ ಬೇರೆ ಎಂಬುದನ್ನು ಅವರ ಪತ್ರವೇ ತೋರಿಸಿದೆ. ಕಳೆದದ್ದು ಸಿಮ್ಮೋ ಸಂಖ್ಯೆಯೋ ಎಂಬುದನ್ನು ಪತ್ರ ಬರೆಯುವವರು ಮೊದಲು ತಿಳಿದಿರಬೇಕು. ಬದಲಿ ಸಿಮ್ ಸಿಕ್ಕರೆ ಸಂಖ್ಯೆ ಉಳಿಯುತ್ತದೆ, ಬ್ಯಾಂಕಿನ ದಾಖಲೆಯನ್ನು ತಿದ್ದುವ ಅಗತ್ಯವೇ ಇಲ್ಲ.

ಹೊಸನಗರ ತಾಲ್ಲೂಕಿನಿಂದ, ಪ್ರಶ್ನೆ ಕೇಳಿದವರು

ನಾನು ಹೇಳಲು ಮರೆತಿದ್ದೆ. ಆ ಸಿಮ್ ದೊಡ್ಡಪ್ಪನವರ ಹೆಸರಿನಲ್ಲಿ ಇರಲಿಲ್ಲ. ಅದನ್ನು ಹಿಂದೆ ಅವರ ಭಾವಮೈದುನ ತಮ್ಮ ಗುರುತಿನ ಚೀಟಿ ಕೊಟ್ಟು ತೆಗೆಸಿದ್ದರು. ಅವರು ಈಗ ಊರಿನಲ್ಲಿಲ್ಲ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಬರಬೇಕೆಂದು ಅಂಗಡಿಯವರು ಹೇಳಿದ್ದರಿಂದ ಹೊಸ ಸಂಖ್ಯೆಯೇ ಗತಿಯಾಯಿತು. ಹಳೆಯದನ್ನು ಭಾವಮೈದುನರು ತಾವಿದ್ದಲ್ಲಿಂದಲೇ ಸ್ಥಗಿತಗೊಳಿಸಿದ್ದಾರೆ.

ಶಿವಮೊಗ್ಗದಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ಹಾಗಾದರೆ ‘ತೆಗೆದುಹಾಕಿ’ ಎಂಬುದು ಇನ್ನೂ ಅಗತ್ಯ. ಬಳಕೆಯಿಂದ ಪೂರ್ತಿ ಹೊರಬಿದ್ದ ಸಂಖ್ಯೆಯನ್ನು ಕನಿಷ್ಠ 90 ದಿನ ಕಳೆದ ಮೇಲೆ ಇನ್ನೊಬ್ಬ ಗ್ರಾಹಕರಿಗೆ ಹಂಚಲು ದೂರವಾಣಿ ಕಂಪನಿಗಳಿಗೆ ಅವಕಾಶವಿದೆ. ದಾಖಲೆಯಲ್ಲಿ ಅದು ಉಳಿದಿದ್ದರೆ ದೊಡ್ಡಪ್ಪನವರ ಖಾತೆಯ ಸಂದೇಶಗಳು ಯಾರೋ ಅಪರಿಚಿತರಿಗೆ ಹೋಗುತ್ತವೆ. ಪತ್ರದ ಒಡಲು ಹೀಗಿರಬಹುದು:

“ನನ್ನ ಉಳಿತಾಯ ಖಾತೆಯಲ್ಲಿ ನೋಂದಾಯಿತವಾಗಿರುವ ಮೊಬೈಲ್ ಸಂಖ್ಯೆಯ ಸಿಮ್ ಈ ದಿನಾಂಕದಂದು ಕಳೆದುಹೋಗಿದ್ದು, ಈ ದಿನಾಂಕದಂದು ಅದನ್ನು ಸ್ಥಗಿತಗೊಳಿಸಲಾಗಿದೆ. ಆ ಸಂಖ್ಯೆಯನ್ನು ನಾನು ಮರಳಿ ಪಡೆಯುವಂತಿಲ್ಲ. ಆದ್ದರಿಂದ ಅದನ್ನು ನನ್ನ ಎಲ್ಲ ಖಾತೆಗಳ ದಾಖಲೆಯಿಂದ ತೆಗೆದುಹಾಕಿ, ಅದರ ಸ್ಥಾನದಲ್ಲಿ ನನ್ನ ಹೆಸರಿನಲ್ಲಿರುವ ಕೆಳಕಂಡ ಸಂಖ್ಯೆಯನ್ನು ದಾಖಲಿಸಬೇಕೆಂದು ಕೋರುತ್ತೇನೆ.”

ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಪೂರ್ತಿ ಹತ್ತು ಅಂಕೆಗಳಲ್ಲಿ ಬರೆಯಲಿ. ಸಹಿಯು ಬ್ಯಾಂಕಿನಲ್ಲಿರುವ ಮಾದರಿ ಸಹಿಯಂತೆಯೇ ಇರಬೇಕು. ವಯಸ್ಸಾದವರ ಪತ್ರಗಳು ಹಿಂದಕ್ಕೆ ಬರುವುದು ಪದಗಳಿಗಿಂತ ಹೆಚ್ಚಾಗಿ ಕೈನಡುಕದಿಂದ. ಗುರುತಿನ ದಾಖಲೆಯ ಪ್ರತಿಯನ್ನು ಲಗತ್ತಿಸಿ, ಮೂಲವನ್ನೂ ಒಯ್ಯಲಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಇನ್ನೊಂದು ಪ್ರತಿ ಮನೆಯಲ್ಲಿರಲಿ. ಕೆಲಸ ಆಯಿತೇ ಎಂದು ತಿಳಿಯಲು ಗುಮಾಸ್ತರ ಮಾತನ್ನು ಕಾಯಬೇಕಾಗಿಲ್ಲ: ಸಣ್ಣ ಮೊತ್ತವೊಂದನ್ನು ತೆಗೆದು, ಸಂದೇಶ ಹೊಸ ಸಂಖ್ಯೆಗೆ ಬಂದಿತೇ ಎಂದು ನೋಡಿದರಾಯಿತು. ಆಧಾರ್‌ನಲ್ಲಿ ಹಳೆಯ ಸಂಖ್ಯೆಯಿದ್ದರೆ ಈ ಪತ್ರದಿಂದ ಅದು ಬದಲಾಗುವುದಿಲ್ಲ, ಆ ದಾರಿ ಬೇರೆ.

ತೀರ್ಥಹಳ್ಳಿಯಿಂದ, ಕನ್ನಡ ಉಪನ್ಯಾಸಕಿ

ದೀರ್ಘವನ್ನು ಒಪ್ಪಿದೆ. ಆದರೆ ದೊಡ್ಡಪ್ಪನವರ ‘ಕಳವಾಗಿರುತ್ತದೆ’ಯಲ್ಲಿ ಇನ್ನೊಂದು ದೋಷ ಉಳಿದಿದೆ. ‘ಇರುತ್ತದೆ’ ಎಂಬುದು ವಾಡಿಕೆಯನ್ನೋ ಊಹೆಯನ್ನೋ ಹೇಳುವ ರೂಪ. ಒಮ್ಮೆ ನಡೆದು ಮುಗಿದದ್ದಕ್ಕೆ ‘ಕಳೆದುಹೋಗಿದೆ’ ಸಾಕು. ‘ಕಳೆದುಹೋಗಿರುತ್ತದೆ’ ಎಂದರೆ ಮಳೆಗಾಲ ಬಂದಾಗಲೆಲ್ಲ ಸಿಮ್ ಕಳೆಯುತ್ತದೆ ಎಂದೂ ಓದಬಹುದು.

ಹೊಸನಗರ ತಾಲ್ಲೂಕಿನಿಂದ, ಪ್ರಶ್ನೆ ಕೇಳಿದವರು

ಮೇಲಿನ ಒಕ್ಕಣೆಯಲ್ಲೇ ಪತ್ರವನ್ನು ಕೊಟ್ಟೆವು. ಈ ಬಾರಿ ಪೊಲೀಸ್ ದೂರನ್ನು ಕೇಳಲಿಲ್ಲ, ಮೊಹರೂ ಸಿಕ್ಕಿದೆ. ಸಂದೇಶ ಇನ್ನೂ ಬಂದಿಲ್ಲ. ದೊಡ್ಡಪ್ಪನವರು ಮಾತ್ರ ‘ಸ್ಥಗಿತಗೊಳಿಸಲಾಗಿದೆ’ ಎಂದಿದ್ದಲ್ಲಿ ‘ಸ್ಥಗಿತಗೊಳಿಸಲಾಗಿರುತ್ತದೆ’ ಎಂದೇ ತಿದ್ದಿ ಬರೆದರು. ಗ್ರಾಮ ಪಂಚಾಯಿತಿಯ ಪತ್ರಗಳಲ್ಲೆಲ್ಲ ಹಾಗೆಯೇ ಇರುತ್ತದೆ, ಹಾಗೆ ಬರೆಯದಿದ್ದರೆ ಅದು ಅರ್ಜಿಯೇ ಅಲ್ಲ ಎಂಬುದು ಅವರ ವಾದ. ಈ ರೂಪ ಕಚೇರಿಯ ಕನ್ನಡಕ್ಕೆ ಎಲ್ಲಿಂದ ಬಂದಿತೆಂದು ಬಲ್ಲವರಿದ್ದರೆ ಬರೆಯಬೇಕು.